ಎಣ್ಣೆಗೊಂದು ಹೆಸರು, ಹೆಸರಿಗೊಂದು ಅಂಕಪಟ್ಟಿ

ಹೆಸರಿಗೆ ಅಂಕ ಕೊಡುವುದು ಈಗಿನ ಕಂಪನಿಯವರು ಕಂಡುಹಿಡಿದ ಚಾಳಿ ಎಂದುಕೊಂಡವರು ಪಾರಸ್ಕರ ಗೃಹ್ಯಸೂತ್ರವನ್ನು ತೆರೆದು ನೋಡಬೇಕು. ಗಂಡುಮಗುವಿನ ಹೆಸರು ಎರಡು ಅಕ್ಷರದ್ದಿರಬೇಕು ಇಲ್ಲವೇ ನಾಲ್ಕರದ್ದು, ಘೋಷಾಕ್ಷರದಿಂದ ಶುರುವಾಗಬೇಕು, ನಡುವೆ ಯ ರ ಲ ವ ಗಳಲ್ಲೊಂದು ಇರಬೇಕು ಎಂದು ಅಲ್ಲಿ ಕಟ್ಟಳೆ. ಹೆಣ್ಣುಮಗುವಾದರೆ ಬೆಸ ಸಂಖ್ಯೆಯ ಅಕ್ಷರ, ಕೊನೆಯಲ್ಲಿ ಆಕಾರ. ಹೆಣ್ಣುಮಕ್ಕಳ ಹೆಸರು ಸಲೀಸಾಗಿ ಬಾಯಲ್ಲಿ ಹೊರಳಬೇಕು, ಕ್ರೂರವಾಗಿ ಕೇಳಿಸಬಾರದು ಎಂದು ಮನು ಸೇರಿಸುತ್ತಾನೆ. ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಇಂಥದೊಂದು ಪಟ್ಟಿಯನ್ನು ನೆನೆಯುತ್ತಾನೆ. ಅದರಲ್ಲಿ ವೈರಿಯ ಮನೆಯಲ್ಲಿ ಆಗಲೇ ನೆಲೆಯೂರಿದ ಹೆಸರಾಗಿರಬಾರದು ಎಂಬ ಮಾತೂ ಇದೆ. ಉದ್ದ, ಉಚ್ಚಾರಣೆ, ಧಾಟಿ, ಹೆಸರು ಬೇರೆಯವರ ಪಾಲಾಗಿದೆಯೋ ಇಲ್ಲವೋ ಎಂಬ ವಿಚಾರ, ಇಷ್ಟೂ ಅಲ್ಲಿಗೆ ಬಂದುಹೋಯಿತು. ಅವರ ಪಟ್ಟಿಯಲ್ಲಿ ಇಲ್ಲದ ಕಾಲಂ ಒಂದೇ: ಸ್ಪೆಲ್ಲಿಂಗ್. ಅಂದದ್ದನ್ನೇ ಬರೆಯುವ ಜನಕ್ಕೆ ಅದರ ಚಿಂತೆ ಯಾಕೆ ಬಂದೀತು?

ನಮ್ಮ ಅಕ್ಕನ ಮಗಳಿಗೆ ಬಂತು. ಅವಳೂ ಅವಳ ಗಂಡನೂ ತಿಪಟೂರಿನ ಹತ್ತಿರ ಮರದ ಗಾಣ ಹಾಕಿ ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ಮೂರರ ಎಣ್ಣೆಯನ್ನೂ ತೆಗೆಯತೊಡಗಿದ್ದರು. ಮೊದಲೆಲ್ಲ ಬೇಕಾದವರೇ ಡಬ್ಬಿ ಹಿಡಿದು ಬರುತ್ತಿದ್ದರು, ಹೆಸರು ಬೇಕಿರಲಿಲ್ಲ. ಬಾಟಲಿಗೆ ತುಂಬಿ ತುಮಕೂರು, ಬೆಂಗಳೂರಿನ ಅಂಗಡಿಗಳಿಗೆ ಕಳಿಸುವ ಮಾತು ಬಂದಾಗ ಹೆಸರೂ ಬೇಕಾಯಿತು. ಅದೂ ಎರಡು ಲಿಪಿಯಲ್ಲಿ. ಆಹಾರ ಪದಾರ್ಥದ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು, ಬೇಕಿದ್ದರೆ ಬೇರೆ ಭಾಷೆಯನ್ನೂ ಜೊತೆಗೆ ಹಾಕಿಕೊಳ್ಳಿ ಎನ್ನುತ್ತದೆ ಕೇಂದ್ರದ ನಿಯಮ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡವಿರಬೇಕು ಎನ್ನುತ್ತದೆ ನಮ್ಮ ರಾಜ್ಯದ 2024ರ ಕಾನೂನು. ಇನ್ನು ಗಿರಾಕಿ ಫೋನಿನಲ್ಲಿ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ. ಹೀಗಾಗಿ ಕನ್ನಡದ ಹೆಸರು ಹುಟ್ಟುವಾಗಲೇ ಎರಡು ಮೈ ಹೊತ್ತುಕೊಂಡು ಹುಟ್ಟಬೇಕು.

ಹುಡುಗಿ ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ಆಫೀಸು ಕಂಡವಳು. ಎಕ್ಸೆಲ್ ಹಾಳೆ ತೆರೆದಳು. ಎಡಕ್ಕೆ ಹೆಸರುಗಳು, ಮೇಲೆ ಐದು ಕಾಲಂ: ಉದ್ದ, ಸ್ಪೆಲ್ಲಿಂಗ್, ಉಚ್ಚಾರಣೆ, ಸಿಗುತ್ತದೋ ಇಲ್ಲವೋ, ಧಾಟಿ. ಒಂದೊಂದಕ್ಕೆ ಒಂದರಿಂದ ಐದರವರೆಗೆ ಅಂಕ, ಒಟ್ಟು ಇಪ್ಪತ್ತೈದು. ಮನೆಯವರೆಲ್ಲ ಸುತ್ತ ಕೂತರು. ಹೆಸರುಗಳು ಬೀಳತೊಡಗಿದವು: ಗಾಣ, ಹನಿ, ಹಿಂಡಿ, ಒರಳು, ಮಾಗಿ, ಹೊಂಬಾಳೆ, ಕುಡಿಕೆ, ನಡುಮನೆ. ನಮ್ಮ ಭಾವ, ಅಂದರೆ ಹುಡುಗಿಯ ಅಪ್ಪ, ನಿವೃತ್ತ ಮೇಷ್ಟ್ರು, ಅವರದು ‘ದೀವಿಗೆ’.

ಇಂಥ ಪಟ್ಟಿಯ ಮೊದಲ ಗುಣವೆಂದರೆ ಬಾಯಿಗೆ ಚೆನ್ನಾಗಿದ್ದ ಹೆಸರುಗಳನ್ನು ಒಂದೊಂದಾಗಿ ಕಾಗದದ ಮೇಲೆ ನಿಲ್ಲಿಸಿ ಬಟ್ಟೆ ಬಿಚ್ಚಿಸುವುದು. ‘ಹಿಂಡಿ’ ಎಂದರೆ ಗಾಣದವರಿಗೆ ಎಣ್ಣೆ ತೆಗೆದಮೇಲೆ ಉಳಿಯುವ ಸೊಗಸಾದ ವಸ್ತು, ಹಸುವಿಗೆ ಪರಮಾನ್ನ. ಇಂಗ್ಲಿಷಿನಲ್ಲಿ ಬರೆದ ಕೂಡಲೇ ಅದು Hindi. ತಿಪಟೂರಿನ ಎಣ್ಣೆಯ ಬಾಟಲಿಯ ಮೇಲೆ ಆ ಮಾತು ಅಚ್ಚಾದರೆ ಮುಂದೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ‘ಹನಿ’ಯನ್ನು Hani ಎಂದು ಬರೆದರೂ ಫೋನಿನಲ್ಲಿ ಕೇಳಿಸಿಕೊಂಡವರು ಹುಡುಕುವುದು Honey; ಎಣ್ಣೆ ಹುಡುಕಿದವರಿಗೆ ಜೇನುತುಪ್ಪ ಸಿಗುತ್ತದೆ. ‘ಒರಳು’ Oralu ಆದಾಗ ಕನ್ನಡ ಬಾರದವರ ಕಣ್ಣು ಕೊನೆಯ u ಬಿಟ್ಟು ಓದಿ ಹಲ್ಲಿನ ಡಾಕ್ಟರ ಬಳಿಗೆ ಹೋಗುತ್ತದೆ. ಹೆಚ್ಚಿನವು ಕನ್ನಡದಲ್ಲಿ ನಿರ್ದೋಷಿ ಹೆಸರುಗಳು. ಇಂಗ್ಲಿಷ್ ಲಿಪಿಗೆ ನಮ್ಮ ಹ್ರಸ್ವದೀರ್ಘ ತಿಳಿಯದು. ಡ-ದ, ಳ-ಲ, ಣ-ನ ಅದಕ್ಕೆ ಒಂದೇ. ನಾವು ಅದರ ಬಾಯಿಗೆ ಹೆಸರು ಹಾಕಿದಾಗ ಅದು ತನಗೆ ಗೊತ್ತಿರುವ ಹತ್ತಿರದ ಮಾತನ್ನು ಉಗುಳುತ್ತದೆ.

‘ಕುಡಿಕೆ’ಗೆ ಬೇರೆ ತೊಂದರೆ. ಸಣ್ಣ ಮಡಕೆ ಎಂಬ ಅರ್ಥದ ಮುದ್ದಾದ ಹೆಸರು, ಉಳಿದ ಕಾಲಂಗಳಲ್ಲೆಲ್ಲ ಒಳ್ಳೆಯ ಅಂಕ. ಆದರೆ ‘ಎಣ್ಣೆ’ ಎಂದರೆ ಈಗಿನ ಹುಡುಗರಿಗೆ ಯಾವ ಎಣ್ಣೆ ಎಂಬುದು ಎಲ್ಲರಿಗೂ ಗೊತ್ತು. ಅಂಗಡಿಯ ಮುಂದೆ ನಿಂತು ‘ಕುಡಿಕೆ ಎಣ್ಣೆ ಇದೆಯಾ?’ ಎಂದು ಕೇಳುವ ಗೃಹಿಣಿಯ ಪಾಡು ನೆನೆದು ಅಕ್ಕ ಅದನ್ನು ತಾನೇ ಅಳಿಸಿದಳು.

ಮೊದಲ ಸುತ್ತಿನಲ್ಲಿ ಗೆದ್ದದ್ದು ‘ಗಾಣ’. ಉದ್ದಕ್ಕೆ ಐದು, ಸ್ಪೆಲ್ಲಿಂಗಿಗೆ ನಾಲ್ಕು, ಉಚ್ಚಾರಣೆಗೆ ಐದು, ಧಾಟಿಗೆ ಐದು, ಸಿಗುವ ಕಾಲಂನಲ್ಲಿ ಮಾತ್ರ ಒಂದು, ಒಟ್ಟು ಇಪ್ಪತ್ತು. ‘ದೀವಿಗೆ’ಗೆ ಹತ್ತೊಂಬತ್ತು, ‘ನಡುಮನೆ’ಗೆ ಹದಿನೆಂಟು. ಹುಡುಗಿ ಗೆದ್ದ ಸಾಲಿಗೆ ಹಸಿರು ಬಣ್ಣವನ್ನೂ ಬಳಿದುಬಿಟ್ಟಳು.

ಇಲ್ಲೇ ಈ ಪದ್ಧತಿಯ ದೊಡ್ಡ ಮೋಸವಿರುವುದು. ಐದು ಕಾಲಂಗಳನ್ನು ಅಕ್ಕಪಕ್ಕ ಗೆರೆ ಹಾಕಿ ನಿಲ್ಲಿಸಿದಾಗ ಐದೂ ಒಂದೇ ಜಾತಿಯವು ಎಂದು ಕಾಣುತ್ತದೆ, ಕೂಡಬಹುದು ಎನಿಸುತ್ತದೆ. ಆದರೆ ‘ಸಿಗುತ್ತದೋ ಇಲ್ಲವೋ’ ಎಂಬುದು ಅಂಕವೇ ಅಲ್ಲ, ಬಾಗಿಲು. ಒಳಗೆ ಬಿಟ್ಟರೆ ಉಳಿದ ಮಾತು. ಬಿಡದಿದ್ದರೆ ಮಿಕ್ಕ ನಾಲ್ಕರಲ್ಲಿ ಐದೈದು ಬಂದು ಏನು ಉಪಯೋಗ? ಕೂಡಿಸುವ ಲೆಕ್ಕದಲ್ಲಿ ಅಲ್ಲಿನ ಒಂದನ್ನು ಧಾಟಿಯ ಐದು ಬಂದು ಮುಚ್ಚಿಬಿಡುತ್ತದೆ. ‘ಗಾಣ’ ಗೆದ್ದದ್ದು ಹಾಗೆ.

ಗಾಣ ಯಾಕೆ ಸಿಗದು? ಎರಡು ಕಾರಣ. ಒಂದು, 1999ರ ಟ್ರೇಡ್‌ಮಾರ್ಕ್ ಕಾಯಿದೆಯ ಒಂಬತ್ತನೆಯ ಸೆಕ್ಷನ್. ಸರಕಿನ ಬಗೆ, ಗುಣ, ಉಪಯೋಗ, ಹುಟ್ಟಿದ ಊರು ಇವನ್ನು ಹೇಳುವುದಷ್ಟೇ ಕೆಲಸವಾಗಿರುವ ಮಾತನ್ನು ಒಬ್ಬರ ಸೊತ್ತಾಗಿ ಬರೆದುಕೊಡುವುದಿಲ್ಲ. ಗಾಣದ ಎಣ್ಣೆಗೆ ‘ಗಾಣ’ ಎಂದು ಹೆಸರಿಟ್ಟು ಅದು ನನ್ನದು ಎಂದರೆ ನಾಡಿನ ಮಿಕ್ಕ ಗಾಣದವರು ತಮ್ಮ ಎಣ್ಣೆಯನ್ನು ಏನೆಂದು ಕರೆಯಬೇಕು? ನ್ಯಾಯವಾದ ಮಾತೇ. ಇನ್ನೊಂದು, Gaana ಎಂದು ಹುಡುಕಿದರೆ ಹಾಡು ಕೇಳಿಸುವ ದೊಡ್ಡ ಆ್ಯಪ್ ಎದುರಾಗುತ್ತದೆ, Ghana ಎಂದರೆ ಆಫ್ರಿಕದ ಒಂದು ದೇಶ. ನಮ್ಮ ಎಣ್ಣೆ ಇವೆರಡನ್ನೂ ದಾಟಿ ಗಿರಾಕಿಯ ಕಣ್ಣಿಗೆ ಬೀಳಬೇಕು.

‘ಮಾಗಿ’ಯೂ ಇದೇ ಬಾಗಿಲಲ್ಲಿ ಬಿತ್ತು. ಚಳಿಗಾಲದ ಹೆಸರು, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಕಾಲ, ಎಷ್ಟು ಚೆಂದ! Maagi ಎಂದು ಬರೆದು ನೂಡಲ್ಸಿನ Maggi ಪಕ್ಕದಲ್ಲಿಟ್ಟು ಜೋರಾಗಿ ಓದಿ. ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ ಅಕ್ಷರ ಹೋಲಿಸಿ ನೋಡುವುದು ಒಂದು, ಧ್ವನಿ ಹೋಲಿಸಿ ನೋಡುವುದು ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ‘ಖಾಲಿ ಇದೆ’ ಎಂದು ಹಿಗ್ಗುತ್ತಾರೆ. ಹೆಸರು ಬಿದ್ದುಹೋಗುವುದು ಎರಡನೆಯದರಲ್ಲಿ. ಗಿರಾಕಿ ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ತಾಳೆ ನೋಡುವುದಿಲ್ಲ, ಅರೆಬರೆ ನೆನಪಿನ ಮೇಲೆ ಕೊಳ್ಳುತ್ತಾನೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟು ಅಮೃತಧಾರಾ, ಲಕ್ಷ್ಮಣಧಾರಾ ಎಂಬ ಎರಡು ಔಷಧಿಗಳ ಜಗಳದಲ್ಲಿ 1962ರಲ್ಲೇ ಎತ್ತಿ ಹೇಳಿದೆ.

ಸ್ಪೆಲ್ಲಿಂಗು, ಧ್ವನಿ, ಸಿಗುವುದು ಈ ಮೂರೂ ಒಂದರ ಕಾಲಿಗೊಂದು ತೊಡರಿಕೊಂಡ ಮೊಕದ್ದಮೆ ನೋಡಬೇಕೆಂದರೆ ನಮ್ಮ ಹಾಲಿನ ಪ್ಯಾಕೆಟ್ಟನ್ನೇ ನೋಡಬೇಕು. ಕರ್ನಾಟಕ ಹಾಲು ಮಹಾಮಂಡಳ Nandini ಎಂಬ ಹೆಸರನ್ನು 1985ರಲ್ಲಿ ಹಿಡಿಯಿತು. 1989ರಲ್ಲಿ ಬೆಂಗಳೂರಿನ ಹೋಟೆಲಿನವರೊಬ್ಬರು Nandhini ಎಂದು ಒಂದು h ಸೇರಿಸಿ ಬೋರ್ಡು ಹಾಕಿದರು. ಆ h ಕನ್ನಡದ ಕಿವಿಗೆ ಕೇಳುವುದೇ ಇಲ್ಲ. ದ ಎಂಬುದನ್ನು dh ಎಂದು ಬರೆಯುವ ರೂಢಿ ಅಷ್ಟೆ. ಹೋಟೆಲಿನವರು ಆಹಾರ ಪದಾರ್ಥಗಳ ವರ್ಗದಲ್ಲಿ ಹೆಸರು ನೋಂದಾಯಿಸಲು ಹೋದಾಗ ಮಹಾಮಂಡಳ ಅಡ್ಡಬಂತು. ಜಗಳ ಮೆಟ್ಟಿಲು ಹತ್ತುತ್ತ ಹತ್ತುತ್ತ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ; ಚಿಹ್ನೆ ಬೇರೆ, ಸರಕು ಬೇರೆ; ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರೂ ಇಟ್ಟುಕೊಳ್ಳಲಿ ಎಂದಾಯಿತು.

ನನಗೆ ಈ ತೀರ್ಪಿನಲ್ಲಿ ಕಾಣುವುದು ಇದು: ಪುರಾಣದಿಂದ, ಹಳ್ಳಿಮನೆಯಿಂದ ಎತ್ತಿದ ಹೆಸರು ಎಲ್ಲರಿಗೂ ಒಡನೆ ಹತ್ತಿರವಾಗುತ್ತದೆ, ಆದ್ದರಿಂದಲೇ ಅದಕ್ಕೆ ಗಟ್ಟಿ ಬೇಲಿ ಹಾಕಲಾಗುವುದಿಲ್ಲ. ಧಾಟಿಯ ಕಾಲಂನಲ್ಲಿ ಗಳಿಸಿದ್ದನ್ನು ಅದು ಕಾವಲಿನಲ್ಲಿ ಕಳೆದುಕೊಳ್ಳುತ್ತದೆ. ಇದಕ್ಕೆ ಪೂರಾ ವಿರುದ್ಧ ದಿಕ್ಕಿಗೆ ಹೋದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಅವನಿಗೆ K ಅಕ್ಷರದ ಮೇಲೆ ಮೋಹ. ಚಿಕ್ಕದಿರಬೇಕು, ತಪ್ಪಾಗಿ ಉಚ್ಚರಿಸಲು ಎಡೆ ಕೊಡಬಾರದು, ಆ ಕಸುಬಿನ ಬೇರೆ ಯಾವುದನ್ನೂ ಹೋಲಬಾರದು ಎಂದು ಅಕ್ಷರ ಜೋಡಿಸಿ ಜೋಡಿಸಿ 1888ರಲ್ಲಿ Kodak ಎಂದು ನೋಂದಾಯಿಸಿದ. ಅರ್ಥ ಏನೂ ಇಲ್ಲ. ಬೇಲಿ ಭದ್ರ. ಆದರೆ ಅರ್ಥವಿಲ್ಲದ ಮಾತಿಗೆ ಅರ್ಥ ತುಂಬಲು ಜಾಹೀರಾತಿಗೆ ಸುರಿಯುವ ಹಣ ಬೇಕು. ತಿಪಟೂರಿನ ಗಾಣಕ್ಕೆ ಅದೆಲ್ಲಿಂದ ಬರಬೇಕು?

‘ಹೊಂಬಾಳೆ’ ಬಾಗಿಲಲ್ಲೇ ಬೀಳಲಿಲ್ಲ. ಟ್ರೇಡ್‌ಮಾರ್ಕಿನಲ್ಲಿ ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ಹಂಚಿದ್ದಾರೆ. ಅಡುಗೆ ಎಣ್ಣೆ 29ರಲ್ಲಿ, ಸಿನಿಮಾ ತಯಾರಿಕೆಯಂಥ ಮನರಂಜನೆ 41ರಲ್ಲಿ. ಕಾಗದದ ಮೇಲೆ ದಾರಿ ಇದ್ದಂತೆ ಕಂಡಿತು. ಆದರೆ ಅದೇ ಹೆಸರಿನ ಕಂಪನಿಯ ಕೆ.ಜಿ.ಎಫ್. ಸಿನಿಮಾ ಬಂದಮೇಲೆ ಆ ಮಾತು ಕೇಳಿದವರಿಗೆ ತೆಂಗಿನ ಹೂವು ನೆನಪಾಗುತ್ತದೋ ಯಶ್ ನೆನಪಾಗುತ್ತಾರೋ? ಜೊತೆಗೆ ಅಷ್ಟು ಹೆಸರಾದ ಮಾತಿಗೆ ಬೇರೆ ವರ್ಗದಲ್ಲೂ ಕೈಹಾಕುವುದು ಜಗಳವನ್ನು ಮನೆಗೆ ಕರೆದಂತೆ. ಬಿಟ್ಟರು.

ಉಳಿದದ್ದು ದೀವಿಗೆ, ನಡುಮನೆ. ಈಗ ಹುಡುಗಿ ಬುದ್ಧಿವಂತಿಕೆಯ ಕೆಲಸ ಮಾಡಿದಳು. ಮೊದಲ ಸುತ್ತಿನ ಅಂಕಗಳು ಕೂತಲ್ಲೇ ಕೂಗಿ ಕೊಟ್ಟವು. ಭಾವ ‘ಸ್ಪೆಲ್ಲಿಂಗಿಗೆ ನಾಲ್ಕು’ ಎಂದರೆ ಮಿಕ್ಕವರೂ ನಾಲ್ಕೇ. ಹೆಸರನ್ನು ಹೆತ್ತವರಿಗೆ ಅದರ ಸ್ಪೆಲ್ಲಿಂಗ್ ಸದಾ ಸುಲಭ. ಆದ್ದರಿಂದ ಅವಳು ಅಭಿಪ್ರಾಯ ಕೇಳುವುದನ್ನು ಬಿಟ್ಟಳು. ಪರಿಚಯದ, ಆದರೆ ಈ ಸುದ್ದಿಯೇ ತಿಳಿಯದ ಹತ್ತು ಜನಕ್ಕೆ ಫೋನು ಮಾಡಿ ಹೆಸರನ್ನು ಒಂದು ಸಲ ಹೇಳಿ, ‘ಇದನ್ನ ಇಂಗ್ಲಿಷಲ್ಲಿ ವಾಟ್ಸಾಪ್ ಮಾಡಿ’ ಎಂದಳು, ಅಷ್ಟೆ. ನಾವು ಅಚ್ಚು ಹಾಕಿಸಲಿರುವ ಸ್ಪೆಲ್ಲಿಂಗನ್ನೇ ಎಷ್ಟು ಜನ ಬರೆದರೋ ಅದರ ಅರ್ಧ ಅಂಕ. ‘ದೀವಿಗೆ’ಯನ್ನು ಐದು ಜನ Deevige ಎಂದರು, ಮೂವರು Divige, ಒಬ್ಬರು Dheevige, ಒಬ್ಬರು Deevighe. ಎರಡೂವರೆ. ‘ನಡುಮನೆ’ಯನ್ನು ಒಂಬತ್ತು ಜನ Nadumane ಎಂದೇ ಬರೆದರು, ಒಬ್ಬರು ಮಾತ್ರ ನಡುವೆ ಜಾಗ ಬಿಟ್ಟಿದ್ದರು. ನಾಲ್ಕೂವರೆ. ಕಾರಣ ಕಣ್ಣೆದುರಿಗೇ ಇದೆ: ನಾಲ್ಕು ಅಕ್ಷರವೂ ಹ್ರಸ್ವ, ಒತ್ತಿಲ್ಲ, ಮಹಾಪ್ರಾಣವಿಲ್ಲ, ಋ ಇಲ್ಲ, ತ-ಥ ಗೊಂದಲವಿಲ್ಲ. ದೀರ್ಘ ಸ್ವರ ಬಂತೆಂದರೆ ee ಹಾಕುವವರು, i ಹಾಕುವವರು ಎಂದು ನಾಡು ಎರಡಾಗುತ್ತದೆ. ‘ಕಲ್ಪವೃಕ್ಷ’ ಎಂದಿದ್ದರಂತೂ vri ಪಕ್ಷ, vru ಪಕ್ಷ ಬೇರೆ; ನಾವು ದಕ್ಷಿಣದವರು ಹೆಚ್ಚಾಗಿ vru.

ಉದ್ದದ ವಿಚಾರವನ್ನು ಜನ ಇಂಗ್ಲಿಷ್ ಅಕ್ಷರ ಎಣಿಸಿ ಮುಗಿಸುತ್ತಾರೆ. ಕನ್ನಡ ಲೇಬಲ್ಲಿಗೆ ಅದು ಸಾಲದು. ಒತ್ತಕ್ಷರವಿರುವ ಹೆಸರು ಅಡ್ಡಕ್ಕೆ ಚಿಕ್ಕದಾದರೂ ಕೆಳಕ್ಕೆ ಇಳಿಯುತ್ತದೆ. ಒತ್ತಿಗೆ ಜಾಗ ಬಿಡಲು ಅಚ್ಚಿನವನು ಇಡೀ ಸಾಲನ್ನೇ ಸಣ್ಣದು ಮಾಡುತ್ತಾನೆ. ನಡುಮನೆಗೆ ಆ ಕಾಟವಿಲ್ಲ, ಆದರೆ ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಮೂರು ಅಂಕ ಕೊಟ್ಟರು. ದೀವಿಗೆಗೆ ನಾಲ್ಕು.

ಉಚ್ಚಾರಣೆಗೆ ತಿರುಗು ಪರೀಕ್ಷೆ: ಇಂಗ್ಲಿಷಿನಲ್ಲಿ ಬರೆದದ್ದನ್ನು ತೋರಿಸಿ ಓದಿಸುವುದು. ಕನ್ನಡದವರು ಎರಡನ್ನೂ ಸರಿಯಾಗಿ ಓದಿದರು. ಅಳಿಯನ ಹಳೆಯ ಆಫೀಸಿನ ಉತ್ತರದ ಗೆಳೆಯರು Nadumane ನೋಡಿ ‘ನಾಡು ಮಾನೇ’ ಎಂದರು. ದೀವಿಗೆ ಅವರಿಗೂ ಹೆಚ್ಚು ತಪ್ಪಲಿಲ್ಲ. ನಡುಮನೆಗೆ ಮೂರು, ದೀವಿಗೆಗೆ ನಾಲ್ಕು.

ಧಾಟಿಯೊಂದು ಉಳಿಯಿತು. ಇದನ್ನು ಅಳೆಯುವುದು ಕಷ್ಟ. ಕವಿಗಳನ್ನು ಕೇಳಿದರೂ ಬಗೆಹರಿಯದು. ಫೋರ್ಡ್ ಕಂಪನಿಯವರು 1955ರಲ್ಲಿ ಹೊಸ ಕಾರಿಗೆ ಹೆಸರು ಸೂಚಿಸಿ ಎಂದು ಮೇರಿಯಾನ್ ಮೂರ್ ಎಂಬ ಹಿರಿಯ ಕವಯಿತ್ರಿಗೆ ಪತ್ರ ಬರೆದರು. ಆಕೆ ಪಟ್ಟಿಯ ಮೇಲೆ ಪಟ್ಟಿ ಕಳಿಸಿದರು. ಅದರಲ್ಲಿ ‘ಯುಟೋಪಿಯನ್ ಟರ್ಟಲ್‌ಟಾಪ್’ ಎಂಬುದೂ ಒಂದು. ಕಂಪನಿ ಸಾವಿರಾರು ಹೆಸರುಗಳನ್ನು ಜರಡಿ ಹಿಡಿದು ಕೊನೆಗೆ ಮಾಲೀಕರ ಮನೆಯದೇ ಹೆಸರು, ಎಡ್ಸೆಲ್ ಎಂದಿಟ್ಟು 1957ರಲ್ಲಿ ಬೀದಿಗೆ ಬಿಟ್ಟಿತು, 1959ರಲ್ಲಿ ನಿಲ್ಲಿಸಿತು. ಹೆಸರೊಂದೇ ಕಾರಣವಲ್ಲ, ನಿಜ. ಆದರೂ ಆ ಆಮೆಯನ್ನೇ ಇಟ್ಟಿದ್ದರೆ ನಗುವುದಕ್ಕಾದರೂ ನಾಲ್ಕು ಜನ ಬರುತ್ತಿದ್ದರೇನೋ.

ನಮ್ಮ ಹುಡುಗಿ ‘ಈ ಹೆಸರು ಚೆನ್ನಾಗಿದೆಯಾ?’ ಎಂದು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ನಮ್ಮ ಜನ ಚೆನ್ನಾಗಿಲ್ಲ ಎಂದು ಹೇಳುವವರಲ್ಲ. ‘ಈ ಹೆಸರಿನ ಅಂಗಡಿಯಲ್ಲಿ ಏನು ಸಿಗಬಹುದು?’ ಎಂದು ಕೇಳಿದಳು. ನಡುಮನೆಗೆ ಬಂದ ಉತ್ತರ: ಊಟ, ಉಪ್ಪಿನಕಾಯಿ, ಹಪ್ಪಳ. ದೀವಿಗೆಗೆ: ಊದಿನಕಡ್ಡಿ, ಕರ್ಪೂರ, ದೀಪದ ಎಣ್ಣೆ. ದೀಪದ ಎಣ್ಣೆ ಎಂದರೆ ತಿನ್ನಬಾರದ ಎಣ್ಣೆ ಎಂದೇ ಅಂಗಡಿಗಳಲ್ಲಿ ಅರ್ಥ. ಒಗ್ಗರಣೆಗೆ ಅದನ್ನು ಯಾರು ಕೊಳ್ಳುತ್ತಾರೆ? ಧಾಟಿಗೆ ನಾಲ್ಕು, ಎರಡು.

ಕೂಡಿದಾಗ ಇಪ್ಪತ್ತಕ್ಕೆ ನಡುಮನೆ ಹದಿನಾಲ್ಕೂವರೆ, ದೀವಿಗೆ ಹನ್ನೆರಡೂವರೆ. ಭಾವ ಕನ್ನಡಕ ಸರಿಮಾಡಿಕೊಂಡರು.

“ಎಲ್ಲಾ ಕಾಲಂಗೂ ಒಂದೇ ತೂಕ ಯಾಕಮ್ಮ? ಉದ್ದ, ಉಚ್ಚಾರಣೆ ಎರಡೂ ಮುಖ್ಯ. ಅವಕ್ಕೆ ಎರಡರಷ್ಟು ಹಾಕಿ ನೋಡು.”

ಹಾಕಿ ನೋಡಿದಳು. ಇಬ್ಬರಿಗೂ ಇಪ್ಪತ್ತೂವರೆ! ಮೇಷ್ಟ್ರು ಸುಮ್ಮನೆ ಮೇಷ್ಟ್ರಾಗಿರಲಿಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದರು.

“ಅಪ್ಪ, ಅಂಕ ಬಂದಮೇಲೆ ತೂಕ ಬದಲಾಯಿಸಿದ್ರೆ ಪರೀಕ್ಷೆ ಮುಗಿದಮೇಲೆ ಪ್ರಶ್ನೆಪತ್ರಿಕೆ ತಿದ್ದಿದ ಹಾಗೆ. ನೀವೇ ಮಾಡ್ತಿದ್ರಾ?”

ಅವರು ಉತ್ತರ ಕೊಡದೆ ನನ್ನ ಕಡೆ ತಿರುಗಿ, “ನೀನೇ ಹೇಳಯ್ಯಾ” ಎಂದರು. ನಾನು ಹೇಳಿದ್ದು ಇಷ್ಟು: ತೂಕ ಬದಲಾಯಿಸಿ ನೋಡುವುದು ತಪ್ಪಲ್ಲ, ನೋಡಲೇಬೇಕು, ಗೆಲುವು ಎಷ್ಟು ಗಟ್ಟಿ ಎಂಬುದು ತಿಳಿಯುವುದು ಅದರಿಂದಲೇ. ಆದರೆ ಬದಲಾಯಿಸುವುದಕ್ಕೆ ಸರಕಿನ ಕಡೆಯಿಂದ ಕಾರಣ ಬೇಕು, ಹೆಸರಿನ ಕಡೆಯಿಂದಲ್ಲ. ಉಚ್ಚಾರಣೆಯಲ್ಲಿ ದೀವಿಗೆ ಮುಂದಾದದ್ದು ಕನ್ನಡ ಬಾರದವರ ಬಾಯಲ್ಲಿ. ಎಣ್ಣೆ ಹೋಗುವುದು ತುಮಕೂರಿಗೆ, ಬೆಂಗಳೂರಿನ ಕನ್ನಡದ ಮನೆಗಳಿಗೆ. ದಿಲ್ಲಿಗೆ ಹೋಗುವ ದಿನ ಬಂದರೆ ಆಗ ಎರಡರಷ್ಟು ಹಾಕೋಣ. ಅದೂ ಅಲ್ಲದೆ ಇಪ್ಪತ್ತೂವರೆ ಇಪ್ಪತ್ತೂವರೆ ಎಂದು ಒಟ್ಟು ಸಮನಾದರೂ ಒಳಗೆ ನೋಡಿದರೆ ಒಬ್ಬನದು ಎಲ್ಲದರಲ್ಲೂ ಮೂರಕ್ಕೆ ಕಡಿಮೆಯಿಲ್ಲ, ಇನ್ನೊಬ್ಬನದು ಎರಡು ಕಡೆ ಪಾತಾಳ. ಒಟ್ಟಿನ ಜೊತೆ ಪ್ರತಿ ಕಾಲಂಗೂ ಒಂದು ಪಾಸ್ ಮಾರ್ಕು ಇಟ್ಟುಕೊಳ್ಳುವುದು ಅದಕ್ಕೇ. ಮೇಷ್ಟ್ರಿಗೆ ಈ ಮಾತು ಹಿಡಿಸಿತು. ಗಣಿತದಲ್ಲಿ ಫೇಲಾದವನನ್ನು ಕನ್ನಡದ ಅಂಕದ ಮೇಲೆ ಮುಂದಕ್ಕೆ ತಳ್ಳಿದವರಲ್ಲ ಅವರು.

ನಡುಮನೆಗೆ 29ನೆಯ ವರ್ಗದಲ್ಲಿ ಅರ್ಜಿ ಹಾಕಿದರು. ಒಬ್ಬ ವ್ಯಕ್ತಿಯೋ ಸಣ್ಣ ಉದ್ದಿಮೆಯೋ ಆನ್‌ಲೈನಿನಲ್ಲಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಪರಿಶೀಲನೆಯಾಗಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ತೆಗೆಯಬಹುದು. ಅಲ್ಲಿಯವರೆಗೆ ಹೆಸರಿನ ಪಕ್ಕದಲ್ಲಿ TM ಎಂದು ಹಾಕಿಕೊಳ್ಳಬಹುದು, ವೃತ್ತದೊಳಗಿನ R ಹಾಕುವಂತಿಲ್ಲ. ನೋಂದಣಿಗೆ ಮುಂಚೆ ಅದನ್ನು ಹಾಕುವುದು ಅಪರಾಧ. ಅಚ್ಚಿನವನು ಅಂದಕ್ಕಿರಲಿ ಎಂದು R ಕೂರಿಸಿ ತಂದಿದ್ದ ಮಾದರಿಯನ್ನು ಹುಡುಗಿ ವಾಪಸ್ಸು ಕಳಿಸಿದಳು.

ಈ ನಡುವೆ ಗಾಣದ ತೊಟ್ಟಿಯ ತಳದಲ್ಲಿ ಉಳಿಯುವ ಗಷ್ಟು ಎಣ್ಣೆಯನ್ನು ಸೋಸಿ ದೀಪಕ್ಕೆಂದು ಬೇರೆ ಮಾರುವ ಯೋಚನೆ ಅಳಿಯನಿಗೆ ಬಂದಿದೆ. ಭಾವ ಆ ಹಾಳೆಯನ್ನು ತಾವೇ ತೆರೆಸಿ, ದೀವಿಗೆಯ ಸಾಲಿನಲ್ಲಿ ಧಾಟಿಯ ಎರಡನ್ನು ಅಳಿಸಿ ಐದು ಬರೆಸಿದರು. ಈ ಸಲ ಯಾರೂ ತಕರಾರು ಮಾಡಲಿಲ್ಲ. ಸ್ಪೆಲ್ಲಿಂಗಿನ ಎರಡೂವರೆ ಹಾಗೆಯೇ ಇದೆ, Divige ಎಂಬ ವೆಬ್ ವಿಳಾಸವನ್ನೂ ಕೊಂಡಿಟ್ಟುಕೊಳ್ಳಬೇಕೇ ಎಂಬ ಚರ್ಚೆ ನಡೆದಿದೆ. ದೀಪದ ಎಣ್ಣೆ 29ರಲ್ಲಿ ಬರುವುದಿಲ್ಲ, ಇಂಧನ ಮೇಣದಬತ್ತಿಗಳ ಜೊತೆ 4ನೆಯ ವರ್ಗ. ಇನ್ನೊಂದು 4,500 ಆಗುತ್ತದೆ ಎಂದಾಗ ಮೇಷ್ಟ್ರು, “ಪೆನ್ಶನ್ನಿಂದ ನಾನು ಕೊಡ್ತೀನಿ” ಎಂದರು.